ವೇತನದಿಂದ ಬಿಲ್ಲಿಂಗ್ ದರದವರೆಗೆ: ಸ್ಟಾಫಿಂಗ್ ಏಜೆನ್ಸಿಯ ಗಂಟೆ ದರವನ್ನು ಕಟ್ಟುವ ಕ್ರಮ

ಸ್ಟಾಫಿಂಗ್ ಏಜೆನ್ಸಿ ತನ್ನ ಕೆಲಸಗಾರನನ್ನು ಗ್ರಾಹಕ ಸಂಸ್ಥೆಗೆ ಕಳಿಸಿ, ಅವನು ದುಡಿದ ಪ್ರತಿ ಗಂಟೆಗೂ ಬಿಲ್ ಹಾಕುತ್ತದೆ. ಆ ಬಿಲ್ಲಿಂಗ್ ದರದೊಳಗೆ ಕೆಲಸಗಾರನ ವೇತನ, ಮಾಲೀಕರಾಗಿ ಏಜೆನ್ಸಿ ಕಟ್ಟಬೇಕಾದ ವಂತಿಗೆಗಳು ಮತ್ತು ಖರ್ಚುಗಳು, ಕೊನೆಯಲ್ಲಿ ಏಜೆನ್ಸಿಯ ಮಾರ್ಜಿನ್ ಎಲ್ಲವೂ ಸೇರಿರಬೇಕು. ಹೇಳುವಾಗ ಇದು ಮೂರು ಅಂಕಿಗಳ ಕೂಡಿಕೆಯಂತೆ ಕೇಳಿಸುತ್ತದೆ, ಹೆಚ್ಚಿನ ಹೊಸ ಏಜೆನ್ಸಿಗಳು ಹಾಗೆಯೇ ಕೂಡಿಸುತ್ತವೆ ಕೂಡ. ನಾನೂ ನನ್ನ ಮೊದಲ ಒಪ್ಪಂದದಲ್ಲಿ ಹಾಗೆಯೇ ಮಾಡಿದ್ದೆ. ನೂರಕ್ಕೆ ಹದಿನೆಂಟು ಮಾರ್ಜಿನ್ ಇದೆ ಎಂದು ನಂಬಿ ಹನ್ನೊಂದು ತಿಂಗಳು ಬಿಲ್ ಹಾಕಿದ ಮೇಲೆ, ಲೆಕ್ಕಪತ್ರ ಮುಗಿಸುವ ಹೊತ್ತಿಗೆ ಕೈಯಲ್ಲಿ ಉಳಿದದ್ದು ಕಚೇರಿಯ ಬಾಡಿಗೆಗೂ ಸಾಲದಷ್ಟಾಗಿತ್ತು. ತಪ್ಪು ಕೂಡಿಕೆಯಲ್ಲಿ ಇರಲಿಲ್ಲ. ವೇತನ ಕೊಟ್ಟ ಗಂಟೆಗಳನ್ನೂ ಬಿಲ್ ಹಾಕಿದ ಗಂಟೆಗಳನ್ನೂ ನಾನು ಒಂದೇ ಎಂದುಕೊಂಡಿದ್ದೆ, ಮಾರ್ಜಿನ್ನನ್ನು ವೆಚ್ಚದ ಮೇಲೆ ಹಾಕಿ ಅದನ್ನು ಬಿಲ್ಲಿನ ಮೇಲಿನ ಪಾಲು ಎಂದು ತಿಳಿದಿದ್ದೆ.

ಆದ್ದರಿಂದ ಈ ಬರಹದಲ್ಲಿ ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸುತ್ತೇನೆ. ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವ ಒಬ್ಬ ಕೆಲಸಗಾರ, ದಿನಕ್ಕೆ 8 ಗಂಟೆ, ವಾರಕ್ಕೆ 5 ದಿನ, ಒಂದು ವರ್ಷದ ಒಪ್ಪಂದ, ಗಂಟೆಗೆ 200 ವೇತನ. ಹಣದ ಹೆಸರು ಯಾವುದಾದರೂ ಆಗಬಹುದು, ಆದ್ದರಿಂದ ಅಂಕಿಯನ್ನಷ್ಟೇ ಬರೆದಿದ್ದೇನೆ. ಶೇಕಡಾವಾರುಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಲೆಕ್ಕದಲ್ಲಿ ಆ ಜಾಗಕ್ಕೆ ನಿಮಗೆ ಅನ್ವಯಿಸುವ ಕಾನೂನಿನ ಅಂಕಿಗಳನ್ನೇ ಹಾಕಬೇಕು.

ಮೊದಲನೆಯ ಹೆಜ್ಜೆ: ಗಂಟೆಗಳನ್ನು ಎರಡು ಸಲ ಎಣಿಸಿ

ವೇತನದ ಅಂಕಿಯನ್ನು ಮುಟ್ಟುವ ಮೊದಲು ಗಂಟೆಗಳನ್ನು ಎಣಿಸಬೇಕು. ವರ್ಷಕ್ಕೆ 52 ವಾರ, ವಾರಕ್ಕೆ 40 ಗಂಟೆ ಎಂದರೆ ಒಟ್ಟು 2,080 ಗಂಟೆ. ಇಷ್ಟು ಗಂಟೆಗಳಿಗೆ ಏಜೆನ್ಸಿ ವೇತನ ಕೊಡುತ್ತದೆ. ಆದರೆ ಗ್ರಾಹಕ ಹಣ ಕೊಡುವುದು ಕೆಲಸಗಾರ ತನ್ನ ಗೋದಾಮಿನೊಳಗೆ ನಿಂತು ದುಡಿದ ಗಂಟೆಗಳಿಗೆ ಮಾತ್ರ. ವೇತನಸಹಿತ ರಜೆ 15 ದಿನ, ಸಾರ್ವತ್ರಿಕ ರಜೆ 10 ದಿನ, ಕೆಲಸಕ್ಕೆ ಸೇರುವಾಗಿನ ತರಬೇತಿ 2 ದಿನ ಎಂದಿಟ್ಟುಕೊಂಡರೆ, 27 ದಿನಗಳ 216 ಗಂಟೆಗಳಿಗೆ ವೇತನ ಹೋಗುತ್ತದೆ, ಬಿಲ್ ಬರುವುದಿಲ್ಲ. ಉಳಿಯುವುದು 1,864 ಗಂಟೆ.

ಈ 2,080 ಮತ್ತು 1,864ರ ನಡುವಿನ ಅಂತರವೇ ಇಡೀ ಲೆಕ್ಕದ ಕೀಲಿ. ವರ್ಷದ ಎಲ್ಲ ವೆಚ್ಚವನ್ನೂ 1,864 ಗಂಟೆಗಳೇ ಹೊರಬೇಕು, ಏಕೆಂದರೆ ಹಣ ಬರುವುದು ಆ ಗಂಟೆಗಳಿಂದ ಮಾತ್ರ. ಕಾಯಿಲೆ ರಜೆ, ಗ್ರಾಹಕನೇ ಗೋದಾಮು ಮುಚ್ಚಿದ ದಿನ, ಯಂತ್ರ ಕೆಟ್ಟು ಅರ್ಧ ದಿನಕ್ಕೆ ಮನೆಗೆ ಕಳಿಸಿದ ದಿನ ಇವುಗಳಿಗೂ ನೀವು ವೇತನ ಕೊಡಬೇಕಾದರೆ ಅವೂ ಈ ಕಡಿತದೊಳಗೆ ಬರಬೇಕು. ಗ್ರಾಹಕನ ಕಾರಣದಿಂದ ನಿಂತುಹೋದ ಗಂಟೆಗಳನ್ನು ಯಾರು ಭರಿಸುತ್ತಾರೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬರೆಸದಿದ್ದರೆ ಅದು ನಿಮ್ಮ ಖರ್ಚು ಎಂದೇ ತಿಳಿದು ಗಂಟೆಗಳನ್ನು ಕಳೆಯಿರಿ.

ಎರಡನೆಯ ಹೆಜ್ಜೆ: ಮಾಲೀಕರ ವೆಚ್ಚವನ್ನು ಇಡೀ ವರ್ಷಕ್ಕೆ ಕೂಡಿಸಿ

ಮಾಲೀಕರ ವೆಚ್ಚದಲ್ಲಿ ಎರಡು ಜಾತಿ. ಒಂದು ವೇತನದ ಜೊತೆಗೇ ಏರುವಂಥದ್ದು: ನಿವೃತ್ತಿ ನಿಧಿ, ಆರೋಗ್ಯ ವಿಮೆ, ಅಪಘಾತ ವಿಮೆ ಮುಂತಾದ ಶೇಕಡಾವಾರು ವಂತಿಗೆಗಳು. ನಮ್ಮ ಉದಾಹರಣೆಯಲ್ಲಿ ಇವೆಲ್ಲ ಸೇರಿ ವೇತನದ ಶೇ. 17 ಎಂದಿಟ್ಟುಕೊಳ್ಳೋಣ. ಇನ್ನೊಂದು ತಲೆಗೆ ಇಷ್ಟು ಎಂದು ಬೀಳುವಂಥದ್ದು: ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ತಪಾಸಣೆ, ಸಮವಸ್ತ್ರ, ಸುರಕ್ಷತಾ ಬೂಟು, ತರಬೇತಿದಾರನಿಗೆ ಕೊಟ್ಟ ಹಣ. ಇದು ಒಬ್ಬ ಕೆಲಸಗಾರನಿಗೆ 9,320.

ಈ ಎರಡನ್ನೂ ಬೇರೆ ಬೇರೆ ಇಡುವುದಕ್ಕೆ ಕಾರಣವಿದೆ. ವೇತನ ಹೆಚ್ಚಿದಾಗ ಮೊದಲನೆಯದು ಮಾತ್ರ ಹೆಚ್ಚುತ್ತದೆ, ಜನ ಬಿಟ್ಟುಹೋಗಿ ಹೊಸಬರು ಬಂದಾಗ ಎರಡನೆಯದು ಮಾತ್ರ ಹೆಚ್ಚುತ್ತದೆ. ಎರಡನ್ನೂ ಒಂದೇ ಶೇಕಡಾವಾರಿನೊಳಗೆ ಬೆರೆಸಿಬಿಟ್ಟರೆ ಮುಂದೆ ಎಲ್ಲಿ ಸೋರುತ್ತಿದೆ ಎಂದು ಕಾಣುವುದೇ ಇಲ್ಲ. ವಂತಿಗೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಕೆಲವಕ್ಕೆ ವೇತನದ ಮಿತಿ ಇರುತ್ತದೆ, ಆ ಮಿತಿಯ ಮೇಲಿನ ವೇತನಕ್ಕೆ ವಂತಿಗೆ ಇರುವುದಿಲ್ಲ. ಹೆಚ್ಚು ವೇತನದ ಹುದ್ದೆಗೆ ಅದೇ ಶೇ. 17 ಹಾಕಿದರೆ ದರ ಅನಗತ್ಯವಾಗಿ ಉಬ್ಬಿ, ಟೆಂಡರ್ ಕೈತಪ್ಪುತ್ತದೆ.

ಈಗ ಕೂಡಿಸೋಣ. 2,080 ಗಂಟೆಗಳ ವೇತನ 4,16,000. ಅದರ ಶೇ. 17 ಎಂದರೆ 70,720. ತಲಾ ಖರ್ಚು 9,320. ಒಟ್ಟು 4,96,040. ಶೇಕಡಾವಾರು ವಂತಿಗೆಯನ್ನು ರಜೆಯ ದಿನಗಳ ವೇತನಕ್ಕೂ ಹಾಕಿದ್ದೇವೆ ಎಂಬುದನ್ನು ಗಮನಿಸಿ, ಏಕೆಂದರೆ ರಜೆಯಲ್ಲಿದ್ದಾಗಲೂ ವಂತಿಗೆ ಕಟ್ಟಲೇಬೇಕು.

ಇದನ್ನು 1,864ರಿಂದ ಭಾಗಿಸಿದರೆ ಬಿಲ್ ಹಾಕುವ ಒಂದು ಗಂಟೆಯ ವೆಚ್ಚ 266.12 ಎಂದು ಬರುತ್ತದೆ. ನಾನು ಮೊದಲ ಸಲ ಮಾಡಿದಂತೆ 200ಕ್ಕೆ ಶೇ. 17 ಸೇರಿಸಿ, ತಲಾ ಖರ್ಚನ್ನು 2,080 ಗಂಟೆಗಳಿಗೆ ಹಂಚಿದ್ದರೆ 238.48 ಬರುತ್ತಿತ್ತು. ಗಂಟೆಗೆ 27.64ರ ವ್ಯತ್ಯಾಸ. ಒಬ್ಬ ಕೆಲಸಗಾರನಿಗೆ ವರ್ಷಕ್ಕೆ ಇದು 51,000 ದಾಟುತ್ತದೆ.

ಮೂರನೆಯ ಹೆಜ್ಜೆ: ಹಣ ಬರುವವರೆಗೆ ಕಾಯುವ ವೆಚ್ಚ

ಏಜೆನ್ಸಿ ತಿಂಗಳ ಕೊನೆಗೆ ವೇತನ ಕೊಡುತ್ತದೆ. ಹಾಜರಾತಿ ಪಟ್ಟಿಗೆ ಗ್ರಾಹಕನ ಸಹಿ ಪಡೆದು ಇನ್‌ವಾಯ್ಸ್ ಕಳಿಸಲು 5 ದಿನ ಹಿಡಿಯುತ್ತದೆ, ಒಪ್ಪಂದದ ಪ್ರಕಾರ ಹಣ ಬರುವುದು ಅಲ್ಲಿಂದ 60 ದಿನಕ್ಕೆ. ಅಂದರೆ 65 ದಿನ ಏಜೆನ್ಸಿಯ ಹಣ, ಅಥವಾ ಬ್ಯಾಂಕಿನಿಂದ ತಂದ ಹಣ, ಗ್ರಾಹಕನ ಗೋದಾಮಿನಲ್ಲಿ ಕೂತಿರುತ್ತದೆ. ವರ್ಷಕ್ಕೆ ಶೇ. 12 ಬಡ್ಡಿ ಎಂದುಕೊಂಡರೆ, 266.12ಕ್ಕೆ 65 ದಿನದ ಬಡ್ಡಿ 5.69. ಇದನ್ನು ಸೇರಿಸಿದರೆ ವೆಚ್ಚ 271.81 ಆಗುತ್ತದೆ.

ಸಣ್ಣ ಅಂಕಿ ಎಂದು ಇದನ್ನು ಬಿಡುವವರು ಹೆಚ್ಚು. ಆದರೆ ಗ್ರಾಹಕ ಪಾವತಿಯ ಅವಧಿಯನ್ನು 60ರಿಂದ 90 ದಿನಕ್ಕೆ ಏರಿಸಲು ಕೇಳಿದಾಗ, ಅದು ಗಂಟೆಗೆ ಎಷ್ಟು ಎಂದು ಕೂಡಲೇ ಹೇಳಲು ಈ ಸಾಲು ಲೆಕ್ಕದಲ್ಲಿ ಇರಬೇಕು. ಆ 30 ದಿನಕ್ಕೆ ಗಂಟೆಗೆ ಸುಮಾರು 2.60 ಬೀಳುತ್ತದೆ. ದರದಲ್ಲಿ ಅದನ್ನು ಸೇರಿಸಿ ಕೇಳಬಹುದು, ಇಲ್ಲವೇ 60 ದಿನಕ್ಕೇ ನಿಲ್ಲಬಹುದು. ಬಿಲ್ಲಿನ ಮೇಲಿನ ತೆರಿಗೆ ಈ ದರದ ಭಾಗವಲ್ಲ, ಅದು ಇನ್‌ವಾಯ್ಸ್‌ನಲ್ಲಿ ಪ್ರತ್ಯೇಕವಾಗಿ ಸೇರುತ್ತದೆ.

ನಾಲ್ಕನೆಯ ಹೆಜ್ಜೆ: ಮಾರ್ಜಿನ್‌ಗೆ ಭಾಗಿಸಬೇಕು, ಗುಣಿಸಬಾರದು

ಮಾರ್ಕಪ್ ಎಂದರೆ ವೆಚ್ಚದ ಮೇಲೆ ಹಾಕಿದ ಶೇಕಡಾವಾರು. ಮಾರ್ಜಿನ್ ಎಂದರೆ ಬಿಲ್ಲಿನ ಮೊತ್ತದಲ್ಲಿ ಉಳಿಯುವ ಶೇಕಡಾವಾರು. ಎರಡೂ ಅದೇ ಹಣವನ್ನು ಅಳೆಯುತ್ತವೆ, ಆದರೆ ಬೇರೆ ಬೇರೆ ಬುಡದ ಮೇಲೆ. ಬಿಲ್ಲಿನಲ್ಲಿ ಶೇ. 18 ಉಳಿಯಬೇಕಾದರೆ ವೆಚ್ಚ ಬಿಲ್ಲಿನ ಶೇ. 82 ಆಗಿರಬೇಕು, ಆದ್ದರಿಂದ ವೆಚ್ಚವನ್ನು 0.82ರಿಂದ ಭಾಗಿಸಬೇಕು. 271.81 ಅನ್ನು 0.82ರಿಂದ ಭಾಗಿಸಿದರೆ 331.48. ಮೇಲಕ್ಕೆ ದುಂಡಾಗಿಸಿದರೆ ಬಿಲ್ಲಿಂಗ್ ದರ 332.

ಗುಣಿಸುವ ತಪ್ಪು ಒಂದನ್ನೇ ನೋಡಬೇಕಾದರೆ ಬಡ್ಡಿಯನ್ನು ಸ್ವಲ್ಪ ಹೊತ್ತು ಬದಿಗಿಡೋಣ. 266.12ಕ್ಕೆ 1.18 ಗುಣಿಸಿದರೆ 314.02 ಬರುತ್ತದೆ, ಭಾಗಿಸಿದರೆ 324.54. ಗುಣಿಸಿದವನಿಗೆ ನಿಜವಾಗಿ ಸಿಗುವ ಮಾರ್ಜಿನ್ ಶೇ. 15.25. ಇನ್ನು ಗಂಟೆಗಳ ತಪ್ಪೂ ಗುಣಿಸುವ ತಪ್ಪೂ ಎರಡೂ ಸೇರಿದರೆ ದರ 281.41ಕ್ಕೆ ಇಳಿಯುತ್ತದೆ. ನಿಜವಾದ ವೆಚ್ಚ 266.12 ಆದ್ದರಿಂದ ಗಂಟೆಗೆ ಉಳಿಯುವುದು 15.29, ಅಂದರೆ ಶೇ. 5.4. ಬಡ್ಡಿ ಕಳೆದರೆ 9.60. ಕಾಗದದ ಮೇಲೆ ಹದಿನೆಂಟು ಎಂದು ಬರೆದಿರುತ್ತದೆ, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ರಜೆಗಳು ವರ್ಷದುದ್ದಕ್ಕೂ ಚದುರಿಕೊಂಡಿರುತ್ತವೆ. ಹಬ್ಬದ ರಜೆಗಳು ಒಟ್ಟಿಗೆ ಬಂದ ತಿಂಗಳಿನಲ್ಲಿ ಮಾತ್ರ ಒಮ್ಮೆಲೇ ಕೈ ಖಾಲಿಯಾದಂತಾಗುತ್ತದೆ, ಆಗಲೂ ಹೆಚ್ಚಿನವರು ಅದನ್ನು ಆ ತಿಂಗಳ ತಾತ್ಕಾಲಿಕ ತೊಂದರೆ ಎಂದುಕೊಳ್ಳುತ್ತಾರೆ.

ಸ್ಪ್ರೆಡ್‌ಶೀಟ್‌ನಲ್ಲಿ ಇಷ್ಟನ್ನೂ ಒಂದೇ ಸೂತ್ರದಲ್ಲಿ ಬರೆಯಬಹುದು. B1ರಲ್ಲಿ ಗಂಟೆಯ ವೇತನ, B2ರಲ್ಲಿ ವೇತನದ ಗಂಟೆಗಳು, B3ರಲ್ಲಿ ವಂತಿಗೆಯ ಪ್ರಮಾಣ, B4ರಲ್ಲಿ ತಲಾ ಖರ್ಚು, B5ರಲ್ಲಿ ಬಿಲ್ಲಿನ ಗಂಟೆಗಳು, B6ರಲ್ಲಿ ಬಡ್ಡಿ ದರ, B7ರಲ್ಲಿ ಕಾಯುವ ದಿನಗಳು, B8ರಲ್ಲಿ ಮಾರ್ಜಿನ್ ಇಡಿ. ಪ್ರಮಾಣಗಳನ್ನು 0.17, 0.12, 0.18 ಎಂದು ದಶಾಂಶದಲ್ಲಿ ಬರೆಯಬೇಕು.

```
=ROUNDUP((B1*B2*(1+B3)+B4)/B5*(1+B6*B7/365)/(1-B8),0)
```

ನಮ್ಮ ಅಂಕಿಗಳಿಗೆ ಇದು 332 ಎಂದು ತೋರಿಸಬೇಕು. ಬೇರೆ ಏನಾದರೂ ಬಂದರೆ ಯಾವುದೋ ಒಂದು ಕೋಶದಲ್ಲಿ 17 ಎಂದು ಬರೆದಿರುತ್ತೀರಿ, 0.17 ಎಂದಲ್ಲ.

ಐದನೆಯ ಹೆಜ್ಜೆ: ಆ ಹದಿನೆಂಟು ಸಾಕೇ?

332ರಲ್ಲಿ 271.81 ಕಳೆದರೆ 60.19 ಉಳಿಯುತ್ತದೆ. ಇದು ಲಾಭವಲ್ಲ. ಜನರನ್ನು ಹುಡುಕುವ ಸಿಬ್ಬಂದಿ, ವೇತನ ಪಟ್ಟಿ ಮಾಡುವವರು, ಬಾಡಿಗೆ, ತಂತ್ರಾಂಶ, ಲೆಕ್ಕ ಪರಿಶೋಧಕರ ಶುಲ್ಕ ಎಲ್ಲ ಇದರಿಂದಲೇ ಹೋಗಬೇಕು. ಕಚೇರಿಯ ವರ್ಷದ ಖರ್ಚು 42,00,000 ಎಂದೂ, ಸರಾಸರಿ 60 ಕೆಲಸಗಾರರು ಹೊರಗೆ ದುಡಿಯುತ್ತಿದ್ದಾರೆ ಎಂದೂ ಇಟ್ಟುಕೊಂಡರೆ ಒಬ್ಬನ ಪಾಲಿಗೆ 70,000, ಬಿಲ್ಲಿನ ಗಂಟೆಗೆ 37.55. ನಿಜವಾದ ಲಾಭ 22.64, ಬಿಲ್ಲಿನ ಶೇ. 6.8.

ಸರಾಸರಿ ಎಂಬ ಮಾತಿನ ಮೇಲೆ ಬೆರಳಿಡಬೇಕು. ಸುಗ್ಗಿಯ ತಿಂಗಳಲ್ಲಿ 60 ಜನರಿದ್ದು, ವರ್ಷದ ಸರಾಸರಿ 45 ಆಗಿದ್ದರೆ ಕಚೇರಿಯ ಹೊರೆ ಗಂಟೆಗೆ 50.07ಕ್ಕೆ ಏರುತ್ತದೆ, ಲಾಭ 10.12ಕ್ಕೆ ಕುಸಿಯುತ್ತದೆ. ಹೀಗಾಗಿ ಬೇರೊಬ್ಬರು ಶೇ. 12 ಮಾರ್ಜಿನ್‌ಗೆ ಕೆಲಸ ಮಾಡುತ್ತಾರೆ ಎಂದು ಕೇಳಿ ನಾವೂ ಅಷ್ಟಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ. ಅವರು ಅದೇ ಕಚೇರಿ ಖರ್ಚನ್ನು ಐದು ಪಟ್ಟು ಜನರ ಮೇಲೆ ಹಂಚುತ್ತಿರಬಹುದು.

ಗ್ರಾಹಕನ ಮುಂದೆ ಇಡುವಾಗ

ಖರೀದಿ ವಿಭಾಗದವರು ಮೊದಲು ಮಾಡುವುದು 332ನ್ನು 200ರಿಂದ ಭಾಗಿಸುವ ಕೆಲಸ. "ನೀವು ವೇತನದ ಮೇಲೆ ಶೇಕಡ ಅರವತ್ತಾರು ಹಾಕುತ್ತಿದ್ದೀರಲ್ಲ ಸಾರ್, ಅಷ್ಟು ಲಾಭ ಯಾರು ಕೊಡುತ್ತಾರೆ?" ಎಂದು ಒಬ್ಬ ಮ್ಯಾನೇಜರ್ ನನ್ನನ್ನು ಕೇಳಿದ್ದರು. ಅವರ ಸಿಟ್ಟು ಸಹಜವಾಗಿತ್ತು, ಏಕೆಂದರೆ ನಾನು ಕೊಟ್ಟಿದ್ದ ಕಾಗದದಲ್ಲಿ ಎರಡೇ ಅಂಕಿಗಳಿದ್ದವು. ಮರುದಿನ ಒಂದು ಹಾಳೆಯಲ್ಲಿ 200ರ ಮೇಲಿನ ಆ 132ನ್ನು ಬಿಡಿಸಿ ಬರೆದುಕೊಂಡು ಹೋದೆ: ರಜೆ ಮತ್ತು ತರಬೇತಿಯ ವೇತನ 23.18, ವಂತಿಗೆಗಳು 37.94, ತಲಾ ಖರ್ಚು 5, ಬಡ್ಡಿ 5.69, ಏಜೆನ್ಸಿಯ ಪಾಲು 60.19. ಅವರು ಪೆನ್ನಿನಿಂದ ಒಂದೊಂದು ಸಾಲನ್ನೂ ಗುರುತು ಹಾಕುತ್ತಾ ಬಂದು, ಬಡ್ಡಿಯ ಸಾಲಿನಲ್ಲಿ ನಿಂತು, "ನಾವು 30 ದಿನಕ್ಕೆ ಹಣ ಕೊಟ್ಟರೆ ಇದು ಎಷ್ಟಾಗುತ್ತದೆ?" ಎಂದು ಕೇಳಿದರು. ಚೌಕಾಸಿ ನನ್ನ ಪಾಲನ್ನು ಬಿಟ್ಟು ಪಾವತಿಯ ದಿನಗಳ ಕಡೆಗೆ ತಿರುಗಿತು.

ಏಜೆನ್ಸಿಯ ಪಾಲನ್ನು ಗ್ರಾಹಕನಿಗೆ ತೋರಿಸಬಾರದು ಎನ್ನುವವರಿದ್ದಾರೆ. ನನ್ನ ಅನುಭವದಲ್ಲಿ ತೋರಿಸಿದ ಒಪ್ಪಂದಗಳೇ ಹೆಚ್ಚು ಕಾಲ ಬಾಳಿವೆ, ಏಕೆಂದರೆ ಕಾನೂನಿನ ವಂತಿಗೆ ಏರಿದಾಗ ಯಾವ ಸಾಲು ಬದಲಾಗಬೇಕು ಎಂಬುದರಲ್ಲಿ ವಾದ ಇರುವುದಿಲ್ಲ.

ಓವರ್‌ಟೈಮ್‌ಗೆ ಬೇರೆ ದರ

ಓವರ್‌ಟೈಮ್‌ಗೆ ಒಂದೂವರೆ ಪಟ್ಟು ವೇತನ ಎಂದರೆ ಗಂಟೆಗೆ 300. ಗ್ರಾಹಕ ಅದಕ್ಕೂ 332ನ್ನೇ ಕೊಡುತ್ತೇನೆ ಎಂದರೆ ಒಪ್ಪಬಾರದು. 300ಕ್ಕೆ ಶೇ. 17 ವಂತಿಗೆ ಸೇರಿ 351, ಬಡ್ಡಿ ಸೇರಿ 358.50, ಅಂದರೆ ದುಡಿದ ಪ್ರತಿ ಗಂಟೆಗೂ 26.50 ನಷ್ಟ. ಇನ್ನೊಂದು ಕಡೆ, ಏಜೆನ್ಸಿಗಳು ಸಾಮಾನ್ಯವಾಗಿ ಮಾಡುವಂತೆ 332ನ್ನೇ ಒಂದೂವರೆ ಪಟ್ಟು ಮಾಡಿ 498 ಕೇಳುವುದೂ ಸರಿಯಲ್ಲ. ಓವರ್‌ಟೈಮ್ ಗಂಟೆಗೆ ಹೊಸದಾಗಿ ರಜೆಯ ವೇತನ ಬೀಳುವುದಿಲ್ಲ, ಸಮವಸ್ತ್ರವೂ ಬೇಕಿಲ್ಲ, ಆ ಖರ್ಚುಗಳನ್ನು ಸಾಮಾನ್ಯ ಗಂಟೆಗಳೇ ಹೊತ್ತಾಗಿದೆ. ಅದೇ ಶೇ. 18 ಇಟ್ಟುಕೊಂಡರೆ 358.50 ಅನ್ನು 0.82ರಿಂದ ಭಾಗಿಸಿ ಮೇಲಕ್ಕೆ ದುಂಡಾಗಿಸಿದರೆ 438 ಆಗುತ್ತದೆ, ಸಾಮಾನ್ಯ ದರದ 1.32 ಪಟ್ಟು. ಓವರ್‌ಟೈಮ್ ವೇತನಕ್ಕೆ ಕೆಲವು ವಂತಿಗೆಗಳು ಅನ್ವಯಿಸದ ಕಡೆ ಇದು ಇನ್ನೂ ಇಳಿಯುತ್ತದೆ, ರಜೆಯ ಹಣವನ್ನು ಓವರ್‌ಟೈಮ್ ಸೇರಿಸಿ ಲೆಕ್ಕ ಹಾಕುವ ಕಡೆ ಏರುತ್ತದೆ. ಆ ನಿಯಮವನ್ನು ಮೊದಲು ಓದಿ, ನಂತರ ಈ ದರವನ್ನು ಒಪ್ಪಂದದಲ್ಲಿ ಪ್ರತ್ಯೇಕ ಸಾಲಾಗಿ ಬರೆಸಿ.

ದರ ನಿಂತ ಮೇಲೆ ಎಲ್ಲಿ ಸೋರುತ್ತದೆ

ಒಪ್ಪಂದದ ನಡುವೆ ಕೆಲಸಗಾರನ ವೇತನ ಶೇ. 10 ಏರಿ 220 ಆಯಿತು ಎಂದುಕೊಳ್ಳಿ. ಗ್ರಾಹಕ ಬಿಲ್ಲಿಗೂ 20 ಸೇರಿಸಿಕೊಳ್ಳಿ ಎನ್ನುತ್ತಾನೆ, ಕೇಳಲು ನ್ಯಾಯವಾಗಿಯೂ ಕಾಣುತ್ತದೆ. ಆದರೆ ವೇತನದ ಜೊತೆ ರಜೆಯ ವೇತನವೂ ವಂತಿಗೆಯೂ ಬಡ್ಡಿಯೂ ಏರಿ, ಬಿಲ್ಲಿನ ಗಂಟೆಯ ವೆಚ್ಚ 26.67 ಹೆಚ್ಚುತ್ತದೆ. ಏನನ್ನೂ ಏರಿಸದೆ ಬಿಟ್ಟರೆ ಏಜೆನ್ಸಿಯ ಪಾಲು 33.52ಕ್ಕೆ ಇಳಿದು ಕಚೇರಿಯ 37.55ಕ್ಕೂ ಸಾಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ 26.67 ಕೇಳುವುದು ನ್ಯಾಯ. ಅದರ ಮೇಲೆ ಮತ್ತೆ ಶೇ. 18 ಮಾರ್ಜಿನ್ ಹಾಕಿದರೆ 32.50ರ ಹತ್ತಿರ ಬರುತ್ತದೆ, ಆದರೆ ವೇತನ ಏರಿದ ಮಾತ್ರಕ್ಕೆ ನಮ್ಮ ಕಚೇರಿಯ ಕೆಲಸ ಏರಿರುವುದಿಲ್ಲ. ವೇತನ ಅಥವಾ ಶಾಸನಬದ್ಧ ವಂತಿಗೆ ಬದಲಾದರೆ ಅದರಿಂದ ಹೆಚ್ಚಿದ ವೆಚ್ಚ ಅದೇ ದಿನದಿಂದ ದರಕ್ಕೆ ಸೇರುತ್ತದೆ ಎಂಬ ಷರತ್ತು ಸಹಿಗೆ ಮೊದಲೇ ಇರಬೇಕು.

ಎರಡನೆಯ ಸೋರಿಕೆ ಜನ ಬಿಟ್ಟುಹೋಗುವುದು. ತಲಾ ಖರ್ಚು ಗಂಟೆಗೆ 5 ಆಗಿದ್ದು ಒಬ್ಬನೇ ವರ್ಷವಿಡೀ ನಿಂತರೆ ಮಾತ್ರ. ಅದೇ ಜಾಗಕ್ಕೆ ಮೂರು ಮೂರು ತಿಂಗಳಿಗೊಬ್ಬರಂತೆ ನಾಲ್ವರು ಬಂದರೆ 9,320ನ್ನು 466 ಗಂಟೆಗಳೇ ಹೊರಬೇಕು, ಗಂಟೆಗೆ 20 ಆಗುತ್ತದೆ. ಆ ಹೆಚ್ಚುವರಿ 15 ಹೋದರೆ 22.64ರ ಲಾಭದಲ್ಲಿ ಉಳಿಯುವುದು 7.64, ಅದರಲ್ಲಿ ಪ್ರತಿ ಹೊಸಬನ 2 ದಿನದ ತರಬೇತಿ ವೇತನವನ್ನು ಇನ್ನೂ ಕಳೆದಿಲ್ಲ. ಜನ ನಿಲ್ಲದ ಕೆಲಸ ಎಂದು ಮೊದಲೇ ಗೊತ್ತಿದ್ದರೆ ತಲಾ ಖರ್ಚನ್ನು ವರ್ಷದ ಬದಲು ಸರಾಸರಿ ಕೆಲಸದ ಅವಧಿಯ ಗಂಟೆಗಳಿಗೇ ಹಂಚಿ ದರ ಕಟ್ಟಿ.

ಮೂರನೆಯ ಸೋರಿಕೆ ವೇತನ ಹೋಗಿಯೂ ಬಿಲ್ ಆಗದ ಗಂಟೆಗಳು. ಇದನ್ನು ಬೇಗ ಹಿಡಿಯಲು ನಾನು ಪ್ರತಿ ತಿಂಗಳು ವೇತನ ಪಟ್ಟಿಯ ಒಟ್ಟು ಗಂಟೆಗಳನ್ನು ಇನ್‌ವಾಯ್ಸ್‌ಗಳ ಒಟ್ಟು ಗಂಟೆಗಳಿಂದ ಭಾಗಿಸುತ್ತೇನೆ. ನಮ್ಮ ಉದಾಹರಣೆಯಲ್ಲಿ ಅದು 1.116 ಆಗಬೇಕು. ಒಂದು ತಿಂಗಳು ಮೇಲೆ ಕೆಳಗೆ ಆದರೆ ಚಿಂತೆಯಿಲ್ಲ, ಆದ್ದರಿಂದ ವರ್ಷಾರಂಭದಿಂದ ಕೂಡಿಸಿಕೊಂಡು ಬಂದ ಗಂಟೆಗಳಿಗೂ ಅದೇ ಭಾಗಾಕಾರ ಮಾಡಿ, ರಜಾ ಪಟ್ಟಿಯ ಪ್ರಕಾರ ಅಲ್ಲಿಯವರೆಗೆ ಎಷ್ಟಿರಬೇಕಿತ್ತೋ ಅದರೊಂದಿಗೆ ಹೋಲಿಸುತ್ತೇನೆ. ಅದು 1.15 ಮುಟ್ಟಿದರೆ ಹಾಜರಾತಿ ಪಟ್ಟಿಗಳನ್ನು ತೆಗೆದು ಸಾಲು ಸಾಲಾಗಿ ನೋಡುತ್ತೇನೆ. ಬಹಳ ಸಲ ಸಿಗುವುದು ಗ್ರಾಹಕನ ಮೇಲ್ವಿಚಾರಕ ಸಹಿ ಹಾಕಲು ಮರೆತ ಎರಡು ಮೂರು ಪಾಳಿಗಳು: ಕೆಲಸಗಾರ ದುಡಿದಿದ್ದಾನೆ, ವೇತನ ಹೋಗಿದೆ, ಸಹಿಯಿಲ್ಲದ ಕಾರಣಕ್ಕೆ ಬಿಲ್ಲಿಗೆ ಮಾತ್ರ ಏರಿಲ್ಲ. ಅಂಥ ಪಾಳಿಗಳಿಗೆ ಅದೇ ವಾರ ಸಹಿ ಮಾಡಿಸಿಕೊಳ್ಳಬೇಕು. ತಿಂಗಳು ದಾಟಿದ ಮೇಲೆ ಆ ದಿನ ಯಾರು ಬಂದಿದ್ದರು ಎಂದು ನೆನಪಿಟ್ಟಿರುವವರು ಗೋದಾಮಿನಲ್ಲಿ ಸಿಗುವುದಿಲ್ಲ.